ವಾಚು ಮುಂದೆ ಓಡಿದರೆ, ಹಿಂದೆ ಬಿದ್ದರೆ: ರೆಗ್ಯುಲೇಟರ್ ಕಡ್ಡಿ ಮುಟ್ಟುವುದಕ್ಕೆ ಮೊದಲಿನ ಕೆಲಸಗಳು

ಹುಬ್ಬಳ್ಳಿಯ ರಿಪೇರಿ ಅಂಗಡಿಗಳಿಗೆ ಈಗ ಬರುವ ಚಾವಿ ವಾಚುಗಳಲ್ಲಿ ಬಹಳಷ್ಟನ್ನು ಮನೆಯಲ್ಲಿ ಒಮ್ಮೆ ಬಿಚ್ಚಿಯೇ ತಂದಿರುತ್ತಾರೆ. ವಿಡಿಯೋ ನೋಡಿ ಹಿಂಬದಿಯ ಮುಚ್ಚಳ ತೆಗೆದು, + ಮತ್ತು − ಗುರುತಿನ ನಡುವಿನ ಸಣ್ಣ ರೆಗ್ಯುಲೇಟರ್ ಕಡ್ಡಿಯನ್ನು ಸ್ಕ್ರೂಡ್ರೈವರಿನಿಂದ ಸರಿಸಿರುತ್ತಾರೆ. ಎರಡು ದಿನ ಸರಿ ಅನ್ನಿಸಿದ್ದು ಮೂರನೇ ದಿನ ಮತ್ತೆ ತಪ್ಪುತ್ತದೆ. ಮತ್ತೆ ಸರಿಸುತ್ತಾರೆ, ಕೊನೆಗೆ ಕೈ ಜಾರಿ ಹೇರ್‌ಸ್ಪ್ರಿಂಗ್ ಸೊಟ್ಟಗಾಗುತ್ತದೆ. ಕಡ್ಡಿ ಸರಿಸಿದ್ದರಲ್ಲಿ ತಪ್ಪೇನಿಲ್ಲ, ಆದರೆ ಅದನ್ನು ಮೊದಲು ಸರಿಸಿದ್ದು ತಪ್ಪು. ಕಡ್ಡಿ ಸರಿಸುವುದು ಈ ಕೆಲಸದ ಕೊನೆಯ ಹಂತ. ಅದಕ್ಕೆ ಮುಂಚಿನ ಹಂತಗಳನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಉದಾಹರಣೆಗೆ ಗದಗಿನಿಂದ ಬಂದ ಒಂದು ಎಚ್‌ಎಂಟಿ ಜನತಾ ವಾಚನ್ನು ಕೊನೆತನಕ ಜೊತೆಗಿಟ್ಟುಕೊಳ್ಳೋಣ.

## ಮೊದಲು ತಿಳಿದಿರಬೇಕಾದದ್ದು: ಸೆಕೆಂಡು ಎಲ್ಲಿ ತಪ್ಪುತ್ತದೆ

ವಾಚಿನಲ್ಲಿ ಸಮಯ ಅಳೆಯುವುದು ಬ್ಯಾಲೆನ್ಸ್ ಚಕ್ರ ಮತ್ತು ಅದಕ್ಕೆ ಸುತ್ತಿಕೊಂಡಿರುವ ಹೇರ್‌ಸ್ಪ್ರಿಂಗ್ ಮಾತ್ರ. ಉಳಿದ ಹಲ್ಲುಚಕ್ರಗಳೆಲ್ಲ ಅದಕ್ಕೆ ಶಕ್ತಿ ಮುಟ್ಟಿಸಿ, ಅದರ ಎಣಿಕೆಯನ್ನು ಮುಳ್ಳಿಗೆ ತಲುಪಿಸುತ್ತವೆ. ಜನತಾ ವಾಚು ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ 5 ಸಲ ಟಿಕ್ ಅನ್ನುತ್ತದೆ. ದಿನಕ್ಕೆ 4,32,000 ಟಿಕ್ ಆಯಿತು. ಅದರಲ್ಲಿ ನೂರು ಟಿಕ್ ಹೆಚ್ಚಾದರೆ ವಾಚು 20 ಸೆಕೆಂಡು ಮುಂದೆ ಹೋಗುತ್ತದೆ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಒಣಗಿದ ಎಣ್ಣೆ, ಒಂದು ಅಯಸ್ಕಾಂತ, ರಾತ್ರಿ ವಾಚು ಇಡುವ ಭಂಗಿ, ಯಾವುದಾದರೂ ಸಾಕು.

ರೆಗ್ಯುಲೇಟರ್ ಕಡ್ಡಿಯ ಕೆಳಗೆ ಎರಡು ಸಣ್ಣ ಪಿನ್ನುಗಳಿರುತ್ತವೆ. ಹೇರ್‌ಸ್ಪ್ರಿಂಗಿನ ಹೊರಸುತ್ತು ಅವುಗಳ ನಡುವೆ ಹಾದುಹೋಗುತ್ತದೆ. ಕಡ್ಡಿಯನ್ನು + ಕಡೆಗೆ ಸರಿಸಿದರೆ ಪಿನ್ನುಗಳು ಸ್ಪ್ರಿಂಗಿನ ಕೆಲಸ ಮಾಡುವ ಉದ್ದವನ್ನು ಕಡಿಮೆ ಮಾಡುತ್ತವೆ. ಸಿತಾರದ ತಂತಿಯನ್ನು ಬೆರಳಿನಿಂದ ಒತ್ತಿ ಗಿಡ್ಡ ಮಾಡಿದರೆ ಸ್ವರ ಏರುವ ಹಾಗೆ, ಇಲ್ಲಿ ಬ್ಯಾಲೆನ್ಸಿನ ಓಟ ಏರುತ್ತದೆ. − ಕಡೆಗೆ ಸರಿಸಿದರೆ ಓಟ ಇಳಿಯುತ್ತದೆ. ಕೆಲವು ವಾಚಿನಲ್ಲಿ ಈ ಗುರುತುಗಳ ಬದಲು ಎಫ್ ಮತ್ತು ಎಸ್, ಇಲ್ಲವೇ ಎ ಮತ್ತು ಆರ್ ಇರುತ್ತವೆ. ಎಫ್ ಮತ್ತು ಎ ಓಟ ಏರಿಸುವ ಕಡೆ.

ಕಡ್ಡಿಯಿಂದ ಆಗುವುದು ಇಷ್ಟೇ. ವಾಚು ಯಾಕೆ ತಪ್ಪುತ್ತಿದೆ ಅನ್ನುವುದಕ್ಕೂ ಕಡ್ಡಿಗೂ ಸಂಬಂಧವಿಲ್ಲ.

## ಬೇಕಾಗುವ ಸಾಮಾನು

ಮನೆಯಲ್ಲಿ ಅಳೆಯುವುದಷ್ಟೇ ಆದರೆ ಮೊಬೈಲು, ಒಂದು ನೋಟ್‌ಬುಕ್, ಒಂದು ಸಣ್ಣ ದಿಕ್ಸೂಚಿ ಸಾಕು. ಮುಚ್ಚಳ ತೆಗೆಯುವವರಿಗೆ ಕಣ್ಣಿಗೆ ಹಿಡಿಯುವ ಭೂತಗನ್ನಡಿಯಾದ ಐಗ್ಲಾಸ್, ಮುಚ್ಚಳಕ್ಕೆ ತಕ್ಕ ಓಪನರ್ ಅಥವಾ ಕೇಸ್ ಚಾಕು, ಗಾಳಿ ಊದುವ ರಬ್ಬರ್ ಬುರುಡೆ, ತುದಿ ಕೆತ್ತಿದ ಗಟ್ಟಿ ಕಟ್ಟಿಗೆಯ ಕಡ್ಡಿ, ಅಯಸ್ಕಾಂತ ಗುಣ ತೆಗೆಯುವ ಡಿಮ್ಯಾಗ್ನೆಟೈಸರ್ ಬೇಕು. ರಿಪೇರಿಯವರ ಹತ್ತಿರ ಇವುಗಳ ಜೊತೆಗೆ ಟೈಮ್‌ಗ್ರಾಫರ್ ಇರುತ್ತದೆ. ಅದರ ಮೈಕು ಟಿಕ್ ಸದ್ದು ಕೇಳಿ ಮೂರು ಅಂಕಿ ತೋರಿಸುತ್ತದೆ: ದಿನಕ್ಕೆ ಎಷ್ಟು ಸೆಕೆಂಡು ವ್ಯತ್ಯಾಸ, ಬ್ಯಾಲೆನ್ಸ್ ಎಷ್ಟು ಡಿಗ್ರಿ ತೂಗುತ್ತಿದೆ, ಟಿಕ್ ಮತ್ತು ಟಾಕ್ ನಡುವಿನ ಅಂತರ ಸಮವಾಗಿದೆಯೇ. ಎರಡನೆಯದಕ್ಕೆ ಆಂಪ್ಲಿಟ್ಯೂಡ್, ಮೂರನೆಯದಕ್ಕೆ ಬೀಟ್ ಎರರ್ ಅನ್ನುತ್ತಾರೆ.

ಸ್ಟೀಲ್ ಸ್ಕ್ರೂಡ್ರೈವರಿನಿಂದ ಕಡ್ಡಿ ಸರಿಸಬೇಡಿ. ಅದಕ್ಕೆ ಅಯಸ್ಕಾಂತ ಗುಣ ಹತ್ತಿದ್ದರೆ ಹೇರ್‌ಸ್ಪ್ರಿಂಗ್ ಅದರ ಕಡೆಗೆ ಎಳೆದುಕೊಳ್ಳುತ್ತದೆ. ಜಾರಿದರಂತೂ ಸ್ಪ್ರಿಂಗ್ ಹೋಯಿತೆಂದೇ ಲೆಕ್ಕ.

## ಹಂತ 1: ಮುಚ್ಚಳ ತೆಗೆಯದೆ ಅಳೆಯಿರಿ

ಬೆಳಿಗ್ಗೆ ಒಂದೇ ಹೊತ್ತಿಗೆ ಪೂರ್ತಿ ಚಾವಿ ಕೊಡಿ. ಬಿಗಿಯಾದ ತಕ್ಷಣ ನಿಲ್ಲಿಸಿ. ಆಮೇಲೆ ನೆಟ್‌ವರ್ಕ್ ಸಮಯ ತೋರಿಸುವ ಮೊಬೈಲಿನ ಪಕ್ಕ ವಾಚು ಇಟ್ಟು, ಸೆಕೆಂಡ್ ಮುಳ್ಳು 12ರ ಮೇಲೆ ಬಂದಾಗ ಮೊಬೈಲಿನಲ್ಲಿ ಎಷ್ಟು ಸೆಕೆಂಡು ಎಂದು ಬರೆದುಕೊಳ್ಳಿ. ಅನೇಕ ಹಳೆಯ ವಾಚುಗಳಲ್ಲಿ ಚಾವಿ ಎಳೆದರೂ ಸೆಕೆಂಡ್ ಮುಳ್ಳು ನಿಲ್ಲುವುದಿಲ್ಲ. ಅದನ್ನು ಸರಿಹೊಂದಿಸುವ ಗೋಜಿಗೆ ಹೋಗದೆ ವ್ಯತ್ಯಾಸ ಬರೆದಿಟ್ಟರೆ ಸಾಕು. ಮರುದಿನ ಅದೇ ಹೊತ್ತಿಗೆ, ಚಾವಿ ಕೊಡುವ ಮೊದಲೇ, ಮತ್ತೆ ನೋಡಿ. ಒಂದು ವಾರ ಹೀಗೆ ಮಾಡಿ. ರಾತ್ರಿ ವಾಚನ್ನು ಯಾವ ಭಂಗಿಯಲ್ಲಿ ಇಟ್ಟಿರೆಂಬುದನ್ನೂ ಪಕ್ಕದಲ್ಲೇ ಬರೆಯಿರಿ, ಇದನ್ನು ಬಹಳ ಜನ ಮರೆಯುತ್ತಾರೆ.

ಒಂದು ದಿನದಲ್ಲಿ ಎಷ್ಟು ಸೆಕೆಂಡು ಮುಂದೆ ಓಡಿತೋ ಅದಕ್ಕೆ +, ಹಿಂದೆ ಬಿದ್ದದ್ದಕ್ಕೆ − ಹಾಕಿ. ವಾರದ ಅಂಕಿಗಳು +12, +14, +11 ಎಂದು ಹತ್ತಿರಹತ್ತಿರ ಇದ್ದರೆ ವಾಚು ಆರೋಗ್ಯವಾಗಿದೆ, ಕಡ್ಡಿಯಿಂದ ಸರಿಯಾಗಬಹುದು. ಇವತ್ತು +40, ನಾಳೆ −25 ಎಂದು ಹಾರಾಡಿದರೆ ಕಡ್ಡಿ ಮುಟ್ಟುವುದು ವ್ಯರ್ಥ, ಒಳಗೆ ಬೇರೆ ತೊಂದರೆಯಿದೆ. ಚಾವಿಯನ್ನು ಒಂದು ದಿನ ಪೂರ್ತಿ, ಇನ್ನೊಂದು ದಿನ ಅರ್ಧ ಕೊಡುವವರಿಗೂ ಹೀಗೇ ಬರುತ್ತದೆ. ಅದಕ್ಕೇ ಹೊತ್ತು ಮತ್ತು ಚಾವಿ ಎರಡನ್ನೂ ಒಂದೇ ತೆರನಾಗಿ ಇಟ್ಟುಕೊಳ್ಳಿ ಅಂದದ್ದು.

ಬೇಸಿಗೆಯಲ್ಲಿ ವಾಚು ತಪ್ಪಿದರೆ ನಮ್ಮ ಕಡೆ ಎಲ್ಲರೂ ಬಿಸಿಲನ್ನೇ ದೂರುತ್ತಾರೆ. ಈಗಿನ ಮಿಶ್ರಲೋಹದ ಹೇರ್‌ಸ್ಪ್ರಿಂಗಿಗೆ ಬಿಸಿಲಿನಿಂದ ಆಗುವ ವ್ಯತ್ಯಾಸ ದಿನಕ್ಕೆ ಕೆಲವೇ ಸೆಕೆಂಡು. ಏಪ್ರಿಲ್‌ನಲ್ಲಿ ಬೆವರು ತಾಳದೆ ವಾಚು ಬಿಚ್ಚಿ ಮಧ್ಯಾಹ್ನವಿಡೀ ಮೇಜಿನ ಮೇಲಿಡುತ್ತೀರಲ್ಲ, ಹೆಚ್ಚಿನ ವ್ಯತ್ಯಾಸ ಬರುವುದು ಅದರಿಂದ.

## ಹಂತ 2: ಅಯಸ್ಕಾಂತ ಹತ್ತಿದೆಯೇ ನೋಡಿ

ನಿನ್ನೆಯವರೆಗೆ ಸರಿಯಾಗಿದ್ದ ವಾಚು ಇದ್ದಕ್ಕಿದ್ದಂತೆ ದಿನಕ್ಕೆ ನಿಮಿಷಗಟ್ಟಲೆ ಮುಂದೆ ಓಡಿದರೆ ಮೊದಲ ಅನುಮಾನ ಅಯಸ್ಕಾಂತದ ಮೇಲೆ. ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿಕೊಂಡು, ಸ್ಪ್ರಿಂಗ್ ಗಿಡ್ಡವಾದಂತೆ ವರ್ತಿಸುತ್ತದೆ. ಮೊಬೈಲ್ ಕವರಿನ ಮುಚ್ಚಳದ ಅಯಸ್ಕಾಂತ, ಸ್ಪೀಕರ್, ಬ್ಯಾಗಿನ ಗುಂಡಿ, ಇವು ಸಾಮಾನ್ಯ ಕಾರಣಗಳು.

ದಿಕ್ಸೂಚಿಯನ್ನು ಮೇಜಿನ ಮೇಲಿಟ್ಟು ವಾಚನ್ನು ಅದರ ಸುತ್ತ ಮೆಲ್ಲಗೆ ಒಯ್ಯಿರಿ. ಸೂಜಿ ವಾಚಿನ ಹಿಂದೆಯೇ ತಿರುಗಿದರೆ ಅಯಸ್ಕಾಂತ ಹತ್ತಿದೆ. ಸ್ಟೀಲ್ ಭಾಗಗಳಿಂದ ಸೂಜಿ ಸ್ವಲ್ಪ ಕದಲುವುದು ಸಹಜ. ವಾಚಿನ ಒಂದು ಬದಿ ಸೂಜಿಯನ್ನು ಎಳೆದು ಇನ್ನೊಂದು ಬದಿ ದೂಡಿದರೆ ಮಾತ್ರ ಖಚಿತ.

ತೆಗೆಯುವುದು ಸುಲಭ, ಆದರೆ ಕ್ರಮ ತಪ್ಪಬಾರದು. ಡಿಮ್ಯಾಗ್ನೆಟೈಸರಿನ ಮೇಲೆ ವಾಚು ಹಿಡಿದು, ಗುಂಡಿ ಒತ್ತಿ, ಒತ್ತಿಕೊಂಡೇ ವಾಚನ್ನು ಮೆಲ್ಲಗೆ ಒಂದು ಮೊಳದಾಚೆಗೆ ಒಯ್ದು ಆಮೇಲೆ ಗುಂಡಿ ಬಿಡಬೇಕು. ವಾಚು ಹತ್ತಿರ ಇರುವಾಗಲೇ ಗುಂಡಿ ಬಿಟ್ಟರೆ ಅಯಸ್ಕಾಂತ ಗುಣ ಹೋಗುವ ಬದಲು ಹೊಸದಾಗಿ ಹತ್ತುತ್ತದೆ. ಅಯಸ್ಕಾಂತ ಹೋದ ಮೇಲೂ ನಿಮಿಷಗಟ್ಟಲೆ ಮುಂದೆ ಓಡಿದರೆ ಸ್ಪ್ರಿಂಗಿನ ಸುತ್ತಿಗೆ ಎಣ್ಣೆ ತಾಗಿ ಅಂಟಿರಬಹುದು, ಅಥವಾ ಪೆಟ್ಟು ಬಿದ್ದು ಸುತ್ತು ಪಿನ್ನಿನ ಆಚೆ ಸಿಕ್ಕಿಕೊಂಡಿರಬಹುದು. ಇವೆರಡೂ ಐಗ್ಲಾಸಿನಲ್ಲಿ ಕಾಣುತ್ತವೆ.

ಈಗ ಗದಗಿನ ವಾಚಿಗೆ ಬರೋಣ. ಅದರ ಯಜಮಾನರು ನಿವೃತ್ತ ಮಾಸ್ತರು. ಅವರು ಹೇಳಿದ್ದು ಇಷ್ಟು: "ಮೊದಲ ದಿನಾ ನಾಕ್ ನಿಮಿಷ ಮುಂದ ಓಡತಿತ್ತರಿ. ನಮ್ಮ ಅಳಿಯ ಬಿಚ್ಚಿ ಕಡ್ಡಿ ಸರಸಿದ. ಈಗ ಎರಡ ನಿಮಿಷಕ್ಕ ಬಂದೈತಿ. ಇನ್ನೊಂದೀಟು ಸರಸಿ ಕೊಟ್ರ ಆತು ನೋಡ್ರಿ."

"ಸರ, ರಾತ್ರಿ ವಾಚ್ ಎಲ್ಲಿ ಇಡತೀರಿ?"

"ಎಲ್ಲಿ ಇಡೂದು, ದಿಂಬಿನ ಬಾಜೂಕ, ಮೊಬೈಲ್ ಮ್ಯಾಲ."

ಮೊಬೈಲಿನ ಕವರು ಅಯಸ್ಕಾಂತದ್ದು. ಟೈಮ್‌ಗ್ರಾಫರಿನಲ್ಲಿ ವಾಚು ದಿನಕ್ಕೆ +130 ತೋರಿಸುತ್ತಿತ್ತು. ಅಯಸ್ಕಾಂತ ತೆಗೆದ ಕೂಡಲೇ ಅದೇ ವಾಚು −95ಕ್ಕೆ ಇಳಿಯಿತು. ಅಯಸ್ಕಾಂತ ಒಂದೇ ದಿನಕ್ಕೆ 225 ಸೆಕೆಂಡು ಮುಂದೆ ಓಡಿಸುತ್ತಿತ್ತು ಅಂದಹಾಗಾಯಿತು. ಅಳಿಯಂದಿರು ಕಡ್ಡಿಯನ್ನು − ಕಡೆಯ ತುದಿಗೇ ಒಯ್ದು ಅದರಲ್ಲಿ ಸುಮಾರು ಅರ್ಧವನ್ನು ಮುಚ್ಚಿಹಾಕಿದ್ದರು. ಇನ್ನಷ್ಟು ಸರಿಸಲು ಅಲ್ಲಿ ಜಾಗವೇ ಇರಲಿಲ್ಲ. ಒಂದು ಗುರುತು ನೆನಪಿಟ್ಟುಕೊಳ್ಳಿ: ಕಡ್ಡಿ ತುದಿಗೆ ಹೋಗಿಯೂ ಸಮಯ ಕೂಡದಿದ್ದರೆ ತೊಂದರೆ ಕಡ್ಡಿಯ ವ್ಯಾಪ್ತಿಯ ಹೊರಗಿದೆ.

## ಹಂತ 3: ತೂಗಾಟ ಸಾಕಷ್ಟಿದೆಯೇ

ಪೂರ್ತಿ ಚಾವಿ ಕೊಟ್ಟು, ಡಯಲು ಮೇಲೆ ಮಾಡಿ ಮಲಗಿಸಿದ ಆರೋಗ್ಯವಂತ ವಾಚಿನಲ್ಲಿ ಆಂಪ್ಲಿಟ್ಯೂಡ್ ಸುಮಾರು 260ರಿಂದ 310 ಡಿಗ್ರಿ ಇರುತ್ತದೆ. ನಿಲ್ಲಿಸಿ ಹಿಡಿದಾಗ ಬ್ಯಾಲೆನ್ಸಿನ ದಂಡದ ತುದಿಗಳ ಘರ್ಷಣೆ ಹೆಚ್ಚಾಗಿ ಅದು 20ರಿಂದ 40 ಡಿಗ್ರಿ ಇಳಿಯುತ್ತದೆ. ಮಲಗಿಸಿದಾಗಲೇ 220ಕ್ಕಿಂತ ಕಡಿಮೆಯಿದ್ದರೆ ವಾಚು ರೆಗ್ಯುಲೇಟ್ ಮಾಡುವ ಸ್ಥಿತಿಯಲ್ಲಿಲ್ಲ, ಸರ್ವಿಸ್ ಬೇಕು.

ತೂಗಾಟ ಕಡಿಮೆಯಾದರೆ ಸಮಯ ಯಾಕೆ ತಪ್ಪಬೇಕು? ಹೇರ್‌ಸ್ಪ್ರಿಂಗ್ ಆ ಎರಡು ಪಿನ್ನುಗಳ ನಡುವೆ ಸ್ವಲ್ಪ ಸಡಿಲವಾಗಿ ಆಡುತ್ತಿರುತ್ತದೆ. ಬ್ಯಾಲೆನ್ಸ್ ಜೋರಾಗಿ ತೂಗಿದಾಗ ಸ್ಪ್ರಿಂಗ್ ಹೆಚ್ಚು ಹೊತ್ತು ಯಾವುದಾದರೊಂದು ಪಿನ್ನಿಗೆ ಒತ್ತಿಕೊಂಡಿರುತ್ತದೆ. ಮೆಲ್ಲಗೆ ತೂಗಿದಾಗ ಹೆಚ್ಚು ಹೊತ್ತು ಯಾವ ಪಿನ್ನನ್ನೂ ಮುಟ್ಟದೆ ಇರುತ್ತದೆ. ಆಗ ಅದರ ಕೆಲಸದ ಉದ್ದ ಹೆಚ್ಚಿ ವಾಚು ನಿಧಾನವಾಗುತ್ತದೆ. ಒಣಗಿದ ಎಣ್ಣೆಯ ವಾಚು ಬೆಳಿಗ್ಗೆ ಸರಿಯಾಗಿ ನಡೆದು, ಚಾವಿ ಇಳಿದಂತೆ ರಾತ್ರಿ ಹಿಂದೆ ಬೀಳುವುದು ಇದರಿಂದಲೇ. ಅಂಥ ವಾಚಿನ ಕಡ್ಡಿಯನ್ನು + ಕಡೆಗೆ ಸರಿಸಿದರೆ ಬೆಳಿಗ್ಗೆ ಮುಂದೆ ಓಡುತ್ತದೆ, ಬೆಳಿಗ್ಗೆಗೂ ರಾತ್ರಿಗೂ ಇರುವ ಅಂತರ ಹಾಗೇ ಉಳಿಯುತ್ತದೆ.

ಟೈಮ್‌ಗ್ರಾಫರ್ ಇಲ್ಲದವರು ಬೆಳಿಗ್ಗೆ ಚಾವಿ ಕೊಟ್ಟ ಮೇಲಿನ ಆರು ಗಂಟೆ, ಮರುದಿನ ಚಾವಿ ಕೊಡುವ ಮುಂಚಿನ ಆರು ಗಂಟೆ, ಎರಡನ್ನೂ ಒಂದೇ ಭಂಗಿಯಲ್ಲಿಟ್ಟು ಬೇರೆಬೇರೆಯಾಗಿ ಅಳೆಯಬಹುದು. ಎರಡರ ನಡುವೆ ದೊಡ್ಡ ಅಂತರವಿದ್ದರೆ ತೂಗಾಟ ಸೋತಿದೆ.

ಟೈಮ್‌ಗ್ರಾಫರಿನಲ್ಲಿ ಲಿಫ್ಟ್ ಆಂಗಲ್ ಎಂಬ ಅಂಕಿಯನ್ನು ವಾಚಿಗೆ ತಕ್ಕಂತೆ ಕೊಡಬೇಕು. ಅದು ತಪ್ಪಿದರೆ ಆಂಪ್ಲಿಟ್ಯೂಡ್ ಮಾತ್ರ ಸುಳ್ಳು ತೋರಿಸುತ್ತದೆ, ದಿನದ ಸೆಕೆಂಡು ಸರಿಯಾಗಿಯೇ ಇರುತ್ತದೆ.

ಮಾಸ್ತರ ವಾಚು ಮಲಗಿದಾಗ 205, ನಿಂತಾಗ 170 ತೋರಿಸಿತು. ಎಣ್ಣೆ ಕಪ್ಪಾಗಿ ಅಂಟಾಗಿತ್ತು. ನಮ್ಮ ಭಾಗದಲ್ಲಿ ಇದಕ್ಕೆ ದೂಳಿನ ಪಾಲೂ ಇದೆ. ಗದಗ ಕಡೆಯ ಎರೆಮಣ್ಣಿನ ದೂಳು, ಹತ್ತಿ ವಖಾರದವರ ವಾಚಿನಲ್ಲಿ ಎಳೆ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳ ವಾಚಿನ ಮುಚ್ಚಳದ ಅಂಚಿನಲ್ಲಿ ಕೆಂಪು ಪುಡಿ, ಮುಚ್ಚಳ ತೆಗೆದರೆ ವಾಚು ಎಲ್ಲಿಯದೆಂದು ಅರ್ಧ ಗೊತ್ತಾಗುತ್ತದೆ. ಬಿಚ್ಚಿ ತೊಳೆದು ಹೊಸ ಎಣ್ಣೆ ಹಾಕಿದ ಮೇಲೆ ತೂಗಾಟ 268ಕ್ಕೆ ಏರಿತು. ಮುಚ್ಚಳ ತೆಗೆದು ಬ್ಯಾಲೆನ್ಸಿನ ಮೇಲೆ ಒಂದು ಹನಿ ಎಣ್ಣೆ ಬಿಡುವುದು ಸರ್ವಿಸ್ ಅಲ್ಲ. ಆ ಎಣ್ಣೆ ಹೇರ್‌ಸ್ಪ್ರಿಂಗಿಗೆ ಹರಿದು ವಾಚನ್ನು ಇನ್ನಷ್ಟು ಕೆಡಿಸುತ್ತದೆ.

ತೂಗಾಟ ಅತಿಯಾಗುವುದೂ ಉಂಟು. ಚಾವಿಯ ಶಕ್ತಿ ಹಿಡಿದಿಡುವ ಮೇನ್‌ಸ್ಪ್ರಿಂಗ್ ಬೇಕಾದ್ದಕ್ಕಿಂತ ಬಲವಾದದ್ದು ಹಾಕಿದರೆ ಬ್ಯಾಲೆನ್ಸ್ ಹೆಚ್ಚುಕಡಿಮೆ ಒಂದು ಸುತ್ತಿನಷ್ಟು ತಿರುಗಿ, ಅದರ ಸಣ್ಣ ಕಲ್ಲು ಬ್ಯಾಲೆನ್ಸನ್ನು ತಳ್ಳುವ ಪ್ಯಾಲೆಟ್ ಫೋರ್ಕಿನ ಹೊರಬದಿಗೆ ಬಡಿಯುತ್ತದೆ. ಚಾವಿ ಪೂರ್ತಿಯಿದ್ದಾಗ ಮಾತ್ರ ವಾಚು ವಿಪರೀತ ಮುಂದೆ ಓಡಿ, ಸದ್ದು ಕುದುರೆ ಓಡಿದಂತೆ ಕೇಳಿದರೆ ಇದೇ ಕಾರಣ. ಅದಕ್ಕೆ ಮೇನ್‌ಸ್ಪ್ರಿಂಗ್ ಬದಲಿಸುವುದೊಂದೇ ದಾರಿ.

## ಹಂತ 4: ಯಾವ ಕಡ್ಡಿ ಯಾವುದೆಂದು ಗುರುತಿಸಿ

ಅನೇಕ ವಾಚುಗಳಲ್ಲಿ ಬ್ಯಾಲೆನ್ಸಿನ ಮೇಲೆ ಎರಡು ಕಡ್ಡಿಗಳಿರುತ್ತವೆ. ಒಂದು ರೆಗ್ಯುಲೇಟರ್, ಪಿನ್ನುಗಳು ಇರುವುದು ಅದರಲ್ಲಿ. ಇನ್ನೊಂದು ಹೇರ್‌ಸ್ಪ್ರಿಂಗಿನ ಹೊರತುದಿಯನ್ನು ಹಿಡಿದಿಟ್ಟ ಸ್ಟಡ್ಡಿನ ಕಡ್ಡಿ. ಎರಡನೆಯದನ್ನು ಸರಿಸಿದರೆ ಟಿಕ್ ಮತ್ತು ಟಾಕ್ ನಡುವಿನ ಸಮತೋಲ ಕೆಡುತ್ತದೆ, ಜೊತೆಗೆ ಓಟವೂ ಬದಲಾಗುತ್ತದೆ. ಮನೆಯಲ್ಲಿ ಆಗುವ ತಪ್ಪುಗಳಲ್ಲಿ ಇದೇ ಹೆಚ್ಚು. ಐಗ್ಲಾಸಿನಲ್ಲಿ ಸ್ಪ್ರಿಂಗಿನ ಹೊರಸುತ್ತನ್ನು ಅನುಸರಿಸುತ್ತಾ ಹೋಗಿ. ಅದು ಕೊನೆಯಾಗುವಲ್ಲಿ ಸ್ಟಡ್ ಇದೆ, ಆ ಕಡ್ಡಿ ಮುಟ್ಟಬೇಡಿ.

ಆ ಕಡ್ಡಿ ಆಗಲೇ ಸರಿದು ಬೀಟ್ ಕೆಟ್ಟಿದ್ದರೆ ಗುರುತು ಸುಲಭ. ಸದ್ದು ಕುಂಟುತ್ತದೆ, ನಿಂತ ವಾಚು ಚಾವಿ ಕೊಟ್ಟರೂ ತಾನಾಗಿ ಹೊರಡದೆ ಅಲುಗಾಡಿಸಿದರೆ ಮಾತ್ರ ಹೊರಡುತ್ತದೆ. ಬೀಟ್ ಎರರ್ ಒಂದು ಮಿಲಿಸೆಕೆಂಡಿನೊಳಗಿದ್ದರೆ ಹಳೆಯ ವಾಚಿಗೆ ಸಾಕು. ಅದನ್ನು ಸೊನ್ನೆಗೆ ತರಲು ಹೋಗಿ ಸ್ಪ್ರಿಂಗ್ ಕಳೆದುಕೊಳ್ಳುವುದು ಲಾಭದ ಮಾತಲ್ಲ. ಸ್ಟಡ್ ಸರಿಯದಂಥ ವಾಚುಗಳಲ್ಲಿ ಬೀಟ್ ತಿದ್ದಲು ಬ್ಯಾಲೆನ್ಸ್ ತೆಗೆದು ಸ್ಪ್ರಿಂಗಿನ ಒಳತುದಿಯ ಕಾಲೆಟ್ ತಿರುಗಿಸಬೇಕು. ಅದು ಅನುಭವಸ್ಥರ ಕೈಕೆಲಸ. ಬೀಟ್ ತಿದ್ದಬೇಕಿದ್ದರೆ ಓಟ ತಿದ್ದುವ ಮೊದಲೇ ಮಾಡಿಸಿ.

## ಹಂತ 5: ಕಡ್ಡಿಯನ್ನು ಸರಿಸುವುದು

ವಾಚು ನಡೆಯುತ್ತಿರುವಾಗಲೇ, ಕಟ್ಟಿಗೆಯ ತುದಿಯಿಂದ, ರೆಗ್ಯುಲೇಟರ್ ಕಡ್ಡಿಯ ಬಾಲಕ್ಕೆ ಬದಿಯಿಂದ ಒತ್ತಡ ಕೊಡಿ. ಮೇಲಿನಿಂದ ಒತ್ತಬೇಡಿ. ಕಣ್ಣಿಗೆ ಸರಿದದ್ದು ಕಂಡರೆ ಆಗಲೇ ಹೆಚ್ಚಾಗಿರಬಹುದು. ಐಗ್ಲಾಸಿನಲ್ಲಿ ಕಾಣುವ ಅತಿ ಸಣ್ಣ ಸರಿತಕ್ಕೇ ದಿನದ ಲೆಕ್ಕ ಹತ್ತಾರು ಸೆಕೆಂಡು ಬದಲಾಗುತ್ತದೆ. ಸರಿಸಿದ ಮೇಲೆ ಒಂದು ನಿಮಿಷ ಬಿಟ್ಟು ಟೈಮ್‌ಗ್ರಾಫರ್ ನೋಡಿ. ಟೈಮ್‌ಗ್ರಾಫರ್ ಇಲ್ಲದಿದ್ದರೆ ಒಂದು ಸಲ ಸರಿಸಿ, ಇಡೀ ದಿನ ಕಾಯಿರಿ. ಒಂದೇ ಸಂಜೆಯಲ್ಲಿ ನಾಲ್ಕು ಸಲ ಸರಿಸುವವರಿಗೆ ಯಾವ ಸರಿತಕ್ಕೆ ಎಷ್ಟು ಬದಲಾಯಿತೆಂಬುದೇ ತಿಳಿಯುವುದಿಲ್ಲ.

ಕೈ ಜಾರಿ, ಆಮೇಲೆ ವಾಚು ನಿಮಿಷಗಟ್ಟಲೆ ಮುಂದೆ ಓಡಿದರೆ ಅಲ್ಲಿಗೇ ನಿಲ್ಲಿಸಿ. ಸ್ಪ್ರಿಂಗಿನ ಸುತ್ತುಗಳು ಒಂದು ಕಡೆ ಒತ್ತಾಗಿ ಇನ್ನೊಂದು ಕಡೆ ಅಗಲವಾಗಿ ಕಾಣುತ್ತವೆಯೇ ನೋಡಿ, ಚಿಮಟ ಹಾಕಲು ಹೋಗದೆ ಮುಚ್ಚಿ ರಿಪೇರಿಯವರಿಗೆ ಕೊಡಿ.

ಮಾಸ್ತರ ವಾಚಿನ ಕಡ್ಡಿಯನ್ನು ನಡುವಿನ ಹತ್ತಿರಕ್ಕೆ ವಾಪಸು ತಂದಾಗ ಪೂರ್ತಿ ಚಾವಿಯಲ್ಲಿ ಬಂದ ದಿನದ ಸೆಕೆಂಡುಗಳಿವು. ಚಾವಿ ಕೆಳಗೆ, ಚಾವಿ ಮೇಲೆ ಅಂದರೆ ಚಾವಿ ಕೊಡುವ ಗುಂಡಿ ಆ ಕಡೆಗೆ ಬರುವಂತೆ ವಾಚು ನಿಲ್ಲಿಸಿದ್ದು:

- ಡಯಲು ಮೇಲೆ: +12
- ಡಯಲು ಕೆಳಗೆ: +9
- ಚಾವಿ ಕೆಳಗೆ: −6
- ಚಾವಿ ಮೇಲೆ: −20

## ಹಂತ 6: ಹಾಕಿಕೊಳ್ಳುವವರ ದಿನಚರಿಗೆ ಹೊಂದಿಸಿ

ಮೇಜಿನ ಮೇಲೆ ಮಲಗಿಸಿ +12 ಇದ್ದದ್ದನ್ನು ಸೊನ್ನೆಗೆ ತಂದು ಕೊಟ್ಟುಬಿಡುವುದು ಅಂಗಡಿಯಲ್ಲಿ ನಡೆಯುವ ಅರೆಬರೆ ಕೆಲಸ. ಗಿರಾಕಿ ಮೂರು ದಿನಕ್ಕೆ ವಾಪಸು ಬರುತ್ತಾರೆ. ಮನುಷ್ಯ ವಾಚನ್ನು ಮಲಗಿಸಿಕೊಂಡು ತಿರುಗುವುದಿಲ್ಲ. ಎಡಗೈ ಇಳಿಬಿಟ್ಟು ನಡೆಯುವಾಗ ಚಾವಿ ಕೆಳಗಿರುತ್ತದೆ, ಮೇಜಿನ ಮೇಲೆ ಕೈ ಇಟ್ಟು ಓದುವಾಗ ಡಯಲು ಮೇಲಿರುತ್ತದೆ.

ಮಾಸ್ತರು ಬೆಳಿಗ್ಗೆ 7ಕ್ಕೆ ಚಾವಿ ಕೊಟ್ಟು ಕಟ್ಟಿಕೊಂಡರೆ ರಾತ್ರಿ 9ಕ್ಕೆ ಬಿಚ್ಚುತ್ತಾರೆ. ಕೈಮೇಲೆ 14 ಗಂಟೆ. ಅದರಲ್ಲಿ ಅರ್ಧ +12, ಅರ್ಧ −6 ಎಂದು ಹಿಡಿದರೆ ಸರಾಸರಿ +3. ಇದು ಇಡೀ ದಿನದ ಲೆಕ್ಕವಾದ್ದರಿಂದ 14 ಗಂಟೆಗೆ ಸುಮಾರು 2 ಸೆಕೆಂಡು ಮುಂದೆ. ರಾತ್ರಿ 10 ಗಂಟೆ ಡಯಲು ಮೇಲೆ ಮಾಡಿ ಇಟ್ಟರೆ, ಚಾವಿ ಇಳಿದಿರುವುದರಿಂದ ಓಟ +6ರ ಆಸುಪಾಸಿಗೆ ಬಂದಿರುತ್ತದೆ, 10 ಗಂಟೆಗೆ ಎರಡೂವರೆ ಸೆಕೆಂಡು. ಒಟ್ಟು ದಿನಕ್ಕೆ ನಾಲ್ಕೈದು ಸೆಕೆಂಡು ಮುಂದೆ. ಕಡ್ಡಿಯನ್ನು ಅಲ್ಲಿಗೇ ಬಿಟ್ಟೆವು. ವಾರ ಬಿಟ್ಟು ಮಾಸ್ತರು ಫೋನ್ ಮಾಡಿ ಹೇಳಿದ ಲೆಕ್ಕ: ಏಳು ದಿನಕ್ಕೆ 20 ಸೆಕೆಂಡು ಮುಂದೆ. ದಿನಕ್ಕೆ ಮೂರಾಯಿತು, ಪ್ರಾಯಶಃ ಅವರು ಓದುವುದಕ್ಕಿಂತ ತಿರುಗಾಡುವುದೇ ಹೆಚ್ಚಿರಬೇಕು.

ವಾಚು ಸ್ವಲ್ಪ ಮುಂದಿರುವಂತೆ ಬಿಡುವುದೇ ವಾಡಿಕೆ. ಎಣ್ಣೆ ಹಳತಾದಂತೆ ಓಟ ನಿಧಾನವಾಗುತ್ತದೆ, ಮತ್ತು ಬಸ್ಸು ಹಿಡಿಯುವವರಿಗೆ ಮುಂದಿರುವ ವಾಚಿನಿಂದ ನಷ್ಟವಿಲ್ಲ.

ಇದೇ ಲೆಕ್ಕದಿಂದ ಮುಚ್ಚಳ ತೆಗೆಯದೆಯೂ ಸಮಯ ತಿದ್ದಬಹುದು. ಮಾಸ್ತರು ರಾತ್ರಿ ವಾಚನ್ನು ಚಾವಿ ಮೇಲೆ ಮಾಡಿ ನಿಲ್ಲಿಸಿಟ್ಟರೆ, ಇಳಿದ ಚಾವಿಯಲ್ಲಿ ಓಟ −24ರ ಹತ್ತಿರ ಇರುತ್ತದೆ, 10 ಗಂಟೆಗೆ 10 ಸೆಕೆಂಡು ಹಿಂದೆ. ಆಗ ದಿನದ ಒಟ್ಟು ಲೆಕ್ಕ ಸುಮಾರು −8. ರಾತ್ರಿಯ ಭಂಗಿ ಒಂದರಿಂದಲೇ ದಿನಕ್ಕೆ 12 ಸೆಕೆಂಡಿನಷ್ಟು ಬದಲಾವಣೆ. ನಿಮ್ಮ ವಾಚು ಹಗಲು ಗಳಿಸಿದ್ದನ್ನು ರಾತ್ರಿ ಯಾವ ಭಂಗಿಯಲ್ಲಿ ಕಳೆಯುತ್ತದೆಂದು ಹಂತ 1ರ ನೋಟ್‌ಬುಕ್ಕಿನಲ್ಲೇ ಸಿಗುತ್ತದೆ.

## ಎಲ್ಲಿಗೆ ನಿಲ್ಲಿಸಬೇಕು

ಭಂಗಿಗಳ ನಡುವಿನ ಅಂತರವನ್ನು ಕಡ್ಡಿ ಕಡಿಮೆ ಮಾಡಲಾರದು. ಮಾಸ್ತರ ವಾಚಿನಲ್ಲಿ ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ 32 ಸೆಕೆಂಡು ಅಂತರವಿದೆ. ಕಡ್ಡಿ ಸರಿಸಿದರೆ ನಾಲ್ಕೂ ಅಂಕಿ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಚಾವಿ ಮೇಲೆ, ಚಾವಿ ಕೆಳಗೆ ಇಂಥ ನಿಂತ ಭಂಗಿಗಳ ನಡುವೆಯೇ ಅಂತರ ದೊಡ್ಡದಿದ್ದರೆ ಬ್ಯಾಲೆನ್ಸ್ ಚಕ್ರದ ಒಂದು ಬದಿ ಕೂದಲೆಳೆಯಷ್ಟು ಭಾರವಿರಬಹುದು, ಇಲ್ಲವೇ ಸ್ಪ್ರಿಂಗ್ ನಡುಮಧ್ಯದಲ್ಲಿ ಇಲ್ಲದಿರಬಹುದು. ಡಯಲು ಮೇಲೆ ಮತ್ತು ಡಯಲು ಕೆಳಗೆ ಇಟ್ಟಾಗ ಆಂಪ್ಲಿಟ್ಯೂಡ್ ಬಹಳ ಬೇರೆಯಾದರೆ ದಂಡದ ಒಂದು ತುದಿ ಸವೆದಿದೆ ಅಥವಾ ಪೆಟ್ಟು ತಿಂದಿದೆ. ಇವಕ್ಕೆ ಬ್ಯಾಲೆನ್ಸನ್ನೇ ಹೊರತೆಗೆಯಬೇಕು.

ಅತಿ ನಿಖರ ವಾಚುಗಳಿಗೆ ಕೊಡುವ ಸ್ವಿಸ್ ಕ್ರೋನೋಮೀಟರ್ ಪ್ರಮಾಣಪತ್ರಕ್ಕೆ ಸರಾಸರಿ ಓಟ ದಿನಕ್ಕೆ −4ರಿಂದ +6 ಸೆಕೆಂಡಿನ ಒಳಗಿರಬೇಕು. ದಶಕಗಳ ಹಿಂದಿನ ಜನತಾ ವಾಚು ಕೈಮೇಲೆ ದಿನಕ್ಕೆ 15 ಸೆಕೆಂಡಿನೊಳಗೆ ನಡೆದರೆ ಅದನ್ನು ಬಿಚ್ಚಿಸಬೇಡಿ. ತಿಂಗಳಿಗೊಮ್ಮೆ ಹಂತ 1ರಂತೆ ಒಂದು ದಿನ ಅಳೆದು ಬರೆದಿಡಿ. ಅಂಕಿ ತಿಂಗಳಿನಿಂದ ತಿಂಗಳಿಗೆ ಮೆಲ್ಲಗೆ ಇಳಿಯುತ್ತಿದ್ದರೆ ಎಣ್ಣೆ ಒಣಗುತ್ತಿದೆ, ಸರ್ವಿಸ್ ಮಾಡಿಸಿ. ಒಂದೇ ದಿನದಲ್ಲಿ ನಿಮಿಷಗಟ್ಟಲೆ ಏರಿದರೆ ಮೊದಲು ದಿಕ್ಸೂಚಿ ಹುಡುಕಿ.